ಮಾರಿದ ಮಾಲು ಎಲ್ಲಿ ಕೂತಿದೆ?

1998ರ ಜನವರಿ ಕೊನೆಯಲ್ಲಿ ಅಮೆರಿಕದ ಸನ್‌ಬೀಮ್ ಕಂಪನಿ ಹಿಂದಿನ ವರ್ಷದ ಲೆಕ್ಕ ಪ್ರಕಟಿಸಿತು. ಟೋಸ್ಟರ್, ಮಿಕ್ಸರ್, ವಿದ್ಯುತ್ ಕಂಬಳಿ, ಅಂಗಳದಲ್ಲಿಟ್ಟು ಅಡುಗೆ ಸುಡುವ ಗ್ಯಾಸ್ ಗ್ರಿಲ್, ಇಂಥವನ್ನು ತಯಾರಿಸುವ ಹಳೆಯ ಕಂಪನಿ ಅದು. 1996ರಲ್ಲಿ ಅದು ಸುಮಾರು 22.8 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಒಂದೇ ವರ್ಷದಲ್ಲಿ ಚಿತ್ರ ತಿರುಗಿ, 1997ಕ್ಕೆ 10.9 ಕೋಟಿ ಡಾಲರ್ ನಿವ್ವಳ ಲಾಭ ಬಂದಿತ್ತು. ಮಾರಾಟ 98.4 ಕೋಟಿಯಿಂದ 116.8 ಕೋಟಿ ಡಾಲರಿಗೆ ಏರಿತ್ತು. 1996ರ ಜುಲೈನಲ್ಲಿ ಕಂಪನಿಯ ಚುಕ್ಕಾಣಿ ಹಿಡಿದ ಆಲ್ಬರ್ಟ್ ಡನ್‌ಲ್ಯಾಪ್, ಹನ್ನೆರಡು ಸಾವಿರ ನೌಕರರಲ್ಲಿ ಅರ್ಧದಷ್ಟು ಮಂದಿಯನ್ನು ಮನೆಗೆ ಕಳಿಸುವುದಾಗಿಯೂ, 26 ಕಾರ್ಖಾನೆಗಳಲ್ಲಿ 18ನ್ನು ಮುಚ್ಚುವುದಾಗಿ ಅಥವಾ ಮಾರುವುದಾಗಿಯೂ ಸಾರಿದ್ದ. ಅವನು ಬರುವ ಮುನ್ನ ಹನ್ನೆರಡೂವರೆ ಡಾಲರಿನಲ್ಲಿದ್ದ ಷೇರು 1998ರ ಮಾರ್ಚ್ ಹೊತ್ತಿಗೆ ಐವತ್ತು ದಾಟಿತು.

ಆಮೇಲಿನದು ಬೇಗನೆ ನಡೆದುಹೋಯಿತು. ಏಪ್ರಿಲ್ ಆರಂಭದಲ್ಲಿ, ಮೊದಲ ತ್ರೈಮಾಸಿಕದ ಮಾರಾಟ ನಿರೀಕ್ಷೆ ಮುಟ್ಟುವುದಿಲ್ಲ ಎಂದು ಕಂಪನಿಯೇ ಹೇಳಬೇಕಾಯಿತು. ಜೂನ್‌ನಲ್ಲಿ ಡನ್‌ಲ್ಯಾಪ್‌ನನ್ನು ಆಡಳಿತ ಮಂಡಳಿ ಹೊರಹಾಕಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಲೆಕ್ಕ ಮತ್ತೆ ಬರೆದಾಗ 1997ರ ಲಾಭ 10.9 ಕೋಟಿಯಿಂದ 3.8 ಕೋಟಿಗೆ ಕುಸಿಯಿತು. 2001ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು.

ಈ ಕತೆಯನ್ನು ಮೋಸಗಾರ ಮುಖ್ಯಸ್ಥನ ಕತೆಯಾಗಿ ಹೇಳುವವರೇ ಹೆಚ್ಚು. ನನ್ನ ಆಸಕ್ತಿ ಬೇರೆ. ಲೆಕ್ಕ ತಿದ್ದುವುದಕ್ಕೆ ತಿಂಗಳುಗಳ ಮೊದಲೇ, ಷೇರು ಇನ್ನೂ ಎತ್ತರದಲ್ಲಿದ್ದಾಗಲೇ, ಕಂಪನಿ ತಾನೇ ಅಚ್ಚು ಹಾಕಿಸಿದ ಬ್ಯಾಲೆನ್ಸ್ ಶೀಟಿನಲ್ಲಿ ಎರಡು ಸಾಲುಗಳು ನಿಜ ಹೇಳುತ್ತಿದ್ದವು. ಒಂದು, ಗ್ರಾಹಕರಿಂದ ಬರಬೇಕಾದ ಬಾಕಿ. ಇನ್ನೊಂದು, ಗೋದಾಮಿನಲ್ಲಿರುವ ದಾಸ್ತಾನು. ಅವನ್ನು ಓದಲು ಬೇಕಿದ್ದುದು ಒಳಗಿನವರ ಸುಳಿವಲ್ಲ, ಭಾಗಾಕಾರ ಮತ್ತು ಗುಣಾಕಾರ ಮಾತ್ರ.

ಆ ಸಾಲುಗಳು ಏನು ಹೇಳುತ್ತವೆ ಎಂದು ತಿಳಿಯಲು ಒಂದು ಕಾರ್ಖಾನೆಯೊಳಗೆ ದುಡ್ಡು ಹೇಗೆ ಓಡಾಡುತ್ತದೆ ಎಂಬುದನ್ನು ನೋಡಬೇಕು. ಪೀಣ್ಯದಲ್ಲಿ ಕವಾಟದ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕ ಇದೆ ಎಂದಿಟ್ಟುಕೊಳ್ಳೋಣ. ಬೆಳಗಾವಿಯ ಫೌಂಡ್ರಿಯಿಂದ ಎರಕದ ತುಂಡುಗಳು ಬರುತ್ತವೆ. ಅವು ಅಂಗಳದಲ್ಲಿ 20 ದಿನ ಕಾಯುತ್ತವೆ, ಯಂತ್ರಗಳ ನಡುವೆ ಸುತ್ತಾಡಿ ಮುಗಿಯಲು 15 ದಿನ, ಸಿದ್ಧವಾದ ಮೇಲೆ ಲಾರಿ ಹತ್ತಲು ಇನ್ನೊಂದು 10 ದಿನ. ಒಟ್ಟು 45 ದಿನ ದುಡ್ಡು ಕಬ್ಬಿಣದ ರೂಪದಲ್ಲಿ ಶೆಡ್ಡಿನೊಳಗೇ ಇರುತ್ತದೆ. ಇವು ದಾಸ್ತಾನು ದಿನಗಳು. ಮಾಲು ಕೊಂಡ ದೊಡ್ಡ ಕಂಪನಿ 60 ದಿನಕ್ಕೆ ಹಣ ಕೊಡುತ್ತದೆ. ಅವು ಬಾಕಿ ದಿನಗಳು. ಫೌಂಡ್ರಿಗೆ ಈ ಘಟಕ ದುಡ್ಡು ಕೊಡುವುದು 45 ದಿನಕ್ಕೆ. ಅಷ್ಟು ದಿನ ಫೌಂಡ್ರಿಯವರ ಹಣದಲ್ಲೇ ಕೆಲಸ ನಡೆಯಿತು. 45ಕ್ಕೆ 60 ಕೂಡಿಸಿ 45 ಕಳೆದರೆ ಉಳಿಯುವುದು 60 ದಿನ. ಕೈಯಿಂದ ಹೊರಟ ರೂಪಾಯಿ ಕೈಗೆ ಮರಳಲು ಬೇಕಾದ ಸಮಯ ಇದು. ದುಡಿಯುವ ಬಂಡವಾಳದ ಚಕ್ರ ಅನ್ನುವುದು ಇದನ್ನೇ.

ಘಟಕಕ್ಕೆ ದಿನಕ್ಕೆ ಒಂದು ಲಕ್ಷ ರೂಪಾಯಿ ಖರ್ಚಿದ್ದರೆ, ಈ 60 ದಿನ ತುಂಬಲು ಸುಮಾರು 60 ಲಕ್ಷ ರೂಪಾಯಿ ಯಾವಾಗಲೂ ಒಳಗೇ ಸಿಕ್ಕಿಕೊಂಡಿರಬೇಕು. ಈಗ ದೊಡ್ಡ ಗ್ರಾಹಕ 60 ದಿನದ ಬದಲು 90 ದಿನಕ್ಕೆ ಕೊಡುತ್ತೇನೆ ಎಂದ ಎನ್ನಿ. ಬೆಲೆ ಬದಲಾಗಲಿಲ್ಲ, ಆರ್ಡರ್ ಕಡಿಮೆಯಾಗಲಿಲ್ಲ, ಲಾಭ-ನಷ್ಟದ ಪಟ್ಟಿಯಲ್ಲಿ ಮಾರಾಟ ಒಂದು ರೂಪಾಯಿಯೂ ಕುಗ್ಗಲಿಲ್ಲ. ಆದರೆ ಮಾಲೀಕ ಎಲ್ಲಿಂದಾದರೂ ಇನ್ನೂ 30 ಲಕ್ಷ ತರಬೇಕು. ಬ್ಯಾಂಕಿಗೆ ಹೋದರೆ ಅಲ್ಲಿ ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಸಾಲದ ಮಿತಿ ಕಟ್ಟುವಾಗ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಣ ಹೆಚ್ಚು ಬೇಕಾದ ಹೊತ್ತಿನಲ್ಲೇ ಸಾಲದ ಮಿತಿ ಇಳಿಯುತ್ತದೆ. ಲಾಭ ತೋರಿಸುತ್ತಿರುವಾಗಲೇ ತಿಂಗಳ ಸಂಬಳಕ್ಕೆ ಪರದಾಡುವ ಕಾರ್ಖಾನೆಗಳ ಹಿಂದೆ ಬಹುಪಾಲು ಇದೇ ಲೆಕ್ಕ ಇರುತ್ತದೆ.

ಹೊರಗಿನಿಂದ ನೋಡುವವರಿಗೆ ಕಾರ್ಖಾನೆಯ ಅಂಗಳ ಕಾಣುವುದಿಲ್ಲ, ವಾರ್ಷಿಕ ವರದಿ ಮಾತ್ರ ಕಾಣುತ್ತದೆ. ವರ್ಷದ ಕೊನೆಯ ದಿನದ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಬಾಕಿ ದಿನ ಸಿಗುತ್ತದೆ. ದಾಸ್ತಾನನ್ನು ಮಾರಿದ ಮಾಲಿನ ತಯಾರಿಕಾ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿದರೆ ದಾಸ್ತಾನು ದಿನ. ಇಲ್ಲಿ ವೆಚ್ಚವನ್ನು ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ದಾಸ್ತಾನನ್ನು ಪುಸ್ತಕದಲ್ಲಿ ಬರೆಯುವುದು ಮಾರುವ ಬೆಲೆಯಲ್ಲಲ್ಲ, ತಗುಲಿದ ವೆಚ್ಚದಲ್ಲಿ. ಸರಬರಾಜುದಾರರಿಗೆ ಕೊಡಬೇಕಾದ ಬಾಕಿಗೂ ಇದೇ ಲೆಕ್ಕ.

ಈಗ ಸನ್‌ಬೀಮ್‌ನ ವರದಿ ತೆರೆಯೋಣ. 1996ರ ಕೊನೆಗೆ ಗ್ರಾಹಕರ ಬಾಕಿ 21.3 ಕೋಟಿ ಡಾಲರ್. 1997ರ ಕೊನೆಗೆ 29.6 ಕೋಟಿ. ದಾಸ್ತಾನು 16.2 ಕೋಟಿಯಿಂದ 25.6 ಕೋಟಿಗೆ. ಮಾರಾಟ ನೂರಕ್ಕೆ 19ರಷ್ಟು ಬೆಳೆದಿದ್ದರೆ, ಬಾಕಿ ನೂರಕ್ಕೆ 38ರಷ್ಟು, ದಾಸ್ತಾನು ನೂರಕ್ಕೆ 58ರಷ್ಟು ಬೆಳೆದಿದ್ದವು. ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡವರು ಅಲ್ಲೇ ನಿಂತು ಯೋಚಿಸಬೇಕಿತ್ತು. ಮಾಲು ನಿಜವಾಗಿಯೂ ಬೇಗ ಬೇಗ ಮಾರಾಟವಾಗುತ್ತಿದ್ದರೆ ಗೋದಾಮು ಖಾಲಿಯಾಗಬೇಕು, ಇಲ್ಲವೇ ಕನಿಷ್ಠ ಮಾರಾಟದ ವೇಗದಲ್ಲೇ ತುಂಬಬೇಕು. ಅದು ಮಾರಾಟದ ಮೂರು ಪಟ್ಟು ವೇಗದಲ್ಲಿ ಏಕೆ ತುಂಬಿತು?

ದಿನಗಳ ಲೆಕ್ಕ ಹಾಕಿದರೆ ಬಾಕಿ 79 ದಿನದಿಂದ 92 ದಿನಕ್ಕೆ ಏರಿತ್ತು. ಹದಿಮೂರು ದಿನ ದೊಡ್ಡದಲ್ಲ ಅನ್ನಿಸಬಹುದು. ಆದರೆ ಅದೇ ವರದಿಯೊಳಗೆ ಇನ್ನೊಂದು ವಿಷಯವಿತ್ತು. 1997ರ ಡಿಸೆಂಬರಿನಲ್ಲಿ ಕಂಪನಿ ತನಗೆ ಬರಬೇಕಾದ ಬಾಕಿಯಲ್ಲಿ ಸುಮಾರು 5.9 ಕೋಟಿ ಡಾಲರಿನಷ್ಟನ್ನು ಹಣಕಾಸು ಸಂಸ್ಥೆಗೆ ಮಾರಿ ನಗದು ಪಡೆದಿತ್ತು. ಮಾರಿದ ಬಾಕಿ ಬ್ಯಾಲೆನ್ಸ್ ಶೀಟಿನಿಂದ ಮಾಯವಾಗುತ್ತದೆ. ಗ್ರಾಹಕ ದುಡ್ಡು ಕೊಟ್ಟದ್ದರಿಂದ ಅಲ್ಲ, ಮೂರನೆಯವರು ಕೊಟ್ಟದ್ದರಿಂದ. ಗ್ರಾಹಕನ ನಡವಳಿಕೆ ತಿಳಿಯಬೇಕಾದರೆ ಅದನ್ನು ಮತ್ತೆ ಕೂಡಿಸಿಕೊಳ್ಳಬೇಕು. ಕೂಡಿಸಿದರೆ ಬಾಕಿ 35.5 ಕೋಟಿ, ದಿನಗಳು 111. ಅಂದರೆ ಒಂದು ವರ್ಷದಲ್ಲಿ ಗ್ರಾಹಕರು ಹಣ ಕೊಡುವುದು ಒಂದು ತಿಂಗಳಿಗೂ ಹೆಚ್ಚು ತಡವಾಗಿತ್ತು.

ಬಾಕಿ ಹಳೆಯ 79 ದಿನದಲ್ಲೇ ಇದ್ದಿದ್ದರೆ 1997ರ ಮಾರಾಟಕ್ಕೆ ಸುಮಾರು 25.3 ಕೋಟಿ ಡಾಲರ್ ಬಾಕಿ ಸಾಕಿತ್ತು. ನಿಜಕ್ಕೂ ಇದ್ದದ್ದು ಅದಕ್ಕಿಂತ 10 ಕೋಟಿ ಹೆಚ್ಚು. ಕಂಪನಿ ಘೋಷಿಸಿದ ಲಾಭವೋ 10.9 ಕೋಟಿ. ಎರಡೂ ಹತ್ತಿರ ಬಂದದ್ದು ಕಾಕತಾಳೀಯ ಇರಬಹುದು, ಆದರೆ ವರ್ಷದ ಗಳಿಕೆಯಷ್ಟೇ ಮೊತ್ತ ಗ್ರಾಹಕರ ಹತ್ತಿರ ಹೆಚ್ಚುವರಿಯಾಗಿ ಉಳಿದಿತ್ತು ಎಂಬುದು ಸುಳ್ಳಲ್ಲ. ನಗದು ಹರಿವಿನ ಪಟ್ಟಿ ಇದನ್ನೇ ಇನ್ನೊಂದು ದಾರಿಯಲ್ಲಿ ಹೇಳಿತು. ಬಾಕಿ ಮಾರಿ ಬಂದ ಹಣ ಸೇರಿಸಿಕೊಂಡರೂ, ವ್ಯವಹಾರದಿಂದ ಕಂಪನಿಗೆ ಬಂದ ನಗದು ಸೊನ್ನೆಗಿಂತ 82 ಲಕ್ಷ ಡಾಲರ್ ಕೆಳಗಿತ್ತು.

ಹಾಗಾದರೆ ಆ ಮಾರಾಟ ಎಂಥದ್ದು? ಗ್ಯಾಸ್ ಗ್ರಿಲ್ ಬೇಸಿಗೆಯ ಸರಕು. ಅಮೆರಿಕದಲ್ಲಿ ಅದು ಅಂಗಡಿಯಿಂದ ಹೊರಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಸನ್‌ಬೀಮ್ 1997ರ ಕೊನೆಯಲ್ಲೇ ಅಂಗಡಿ ಸರಪಳಿಗಳ ಬಳಿ ಹೋಗಿ, ಈಗಲೇ ಆರ್ಡರ್ ಕೊಡಿ, ರಿಯಾಯಿತಿ ಕೊಡುತ್ತೇವೆ, ಹಣ ತಿಂಗಳುಗಳ ನಂತರ ಕೊಟ್ಟರೆ ಸಾಕು ಎಂದಿತು. ಇಡಲು ಜಾಗವಿಲ್ಲ ಎಂದವರಿಗೆ, ನಮ್ಮ ಕಡೆಯ ಗೋದಾಮಿನಲ್ಲೇ ಇಟ್ಟುಕೊಳ್ಳುತ್ತೇವೆ, ಬಾಡಿಗೆಯೂ ನಮ್ಮದೇ ಎಂದಿತು. ಬಿಲ್ ಹರಿಯಿತು, ಮಾಲು ಕದಲಲಿಲ್ಲ. ಬಿಲ್ ಹರಿದ ದಿನವೇ ಅದು ಮಾರಾಟ ಎಂದು ಪುಸ್ತಕ ಸೇರಿತು. ಬಿಲ್ ಮಾಡಿ ಮಾಲು ಹಿಡಿದಿಟ್ಟುಕೊಳ್ಳುವ ಈ ವ್ಯವಹಾರಕ್ಕೆ ಲೆಕ್ಕಶಾಸ್ತ್ರದಲ್ಲಿ ಜಾಗವೇ ಇಲ್ಲ ಎಂದಲ್ಲ. ಆದರೆ ಹಾಗೆ ಹಿಡಿದಿಡಿ ಎಂದು ಕೊಳ್ಳುವವನು ತನ್ನ ಅಗತ್ಯಕ್ಕಾಗಿ ಕೇಳಿಕೊಂಡಿರಬೇಕು, ಮಾಲಿನ ಲಾಭ-ನಷ್ಟ ಅವನದಾಗಿರಬೇಕು. ಇಲ್ಲಿ ಎರಡೂ ಇರಲಿಲ್ಲ ಎಂಬುದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2001ರಲ್ಲಿ ಹೂಡಿದ ಮೊಕದ್ದಮೆಯ ಮುಖ್ಯ ಆರೋಪಗಳಲ್ಲಿ ಒಂದು. 1997ರ ತೆರಿಗೆಪೂರ್ವ ಲಾಭ ಎಂದು ತೋರಿಸಿದ 18.9 ಕೋಟಿ ಡಾಲರಿನಲ್ಲಿ ಕನಿಷ್ಠ 6 ಕೋಟಿ ಹುಸಿ ಎಂದು ಅದು ಹೇಳಿತು. ಡನ್‌ಲ್ಯಾಪ್ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 5 ಲಕ್ಷ ಡಾಲರ್ ದಂಡ ಕಟ್ಟಿ, ಮುಂದೆ ಯಾವ ಸಾರ್ವಜನಿಕ ಕಂಪನಿಯಲ್ಲೂ ಅಧಿಕಾರ ಹಿಡಿಯುವಂತಿಲ್ಲ ಎಂಬ ನಿಷೇಧಕ್ಕೆ ಒಪ್ಪಿಕೊಂಡ.

ಇಲ್ಲಿ ಬಾಕಿ ದಿನ ಏಕೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎರಡು ಕಡೆ ಬರೆಯುವ ಲೆಕ್ಕಪದ್ಧತಿಯಲ್ಲಿ ಮಾರಾಟ ಎಂದು ಒಂದು ಕಡೆ ಬರೆದರೆ ಇನ್ನೊಂದು ಕಡೆ ನಗದು ಬರಬೇಕು ಅಥವಾ ಬಾಕಿ ಬರಬೇಕು. ನಗದನ್ನು ಹುಟ್ಟಿಸುವುದು ಕಷ್ಟ, ಬ್ಯಾಂಕ್ ಖಾತೆ ಪಕ್ಕದಲ್ಲೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಅವಸರದ ಮಾರಾಟ, ಬಲವಂತದ ಮಾರಾಟ, ಇಲ್ಲದ ಮಾರಾಟ, ಇವೆಲ್ಲ ಬಂದು ಕೂರುವುದು ಬಾಕಿಯ ಸಾಲಿನಲ್ಲಿ. ಲಾಭ-ನಷ್ಟ ಪಟ್ಟಿ ಪ್ರತಿ ವರ್ಷ ಸೊನ್ನೆಯಿಂದ ಶುರುವಾಗುತ್ತದೆ, ಹಿಂದಿನ ವರ್ಷದ ಪಾಪ ಅದರಲ್ಲಿ ಕಾಣುವುದಿಲ್ಲ. ಬ್ಯಾಲೆನ್ಸ್ ಶೀಟ್ ಹಾಗಲ್ಲ. ಅಲ್ಲಿ ವಸೂಲಾಗದ್ದು ವಸೂಲಾಗುವವರೆಗೂ, ಇಲ್ಲವೇ ನಷ್ಟವೆಂದು ಹೊಡೆದುಹಾಕುವವರೆಗೂ ಉಳಿದಿರುತ್ತದೆ. ಅಲ್ಲದೆ ಡಿಸೆಂಬರಿನಲ್ಲಿ ತುಂಬಿಸಿದ ಅಂಗಡಿ ಮಾರ್ಚ್‌ನಲ್ಲಿ ಮತ್ತೆ ಕೊಳ್ಳುವುದಿಲ್ಲ. ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಂಡವರು ಮುಂದಿನ ವರ್ಷ ಅದಕ್ಕಿಂತಲೂ ಹೆಚ್ಚು ಎಳೆದುಕೊಳ್ಳಬೇಕು. 1998ರ ಮೊದಲ ಮೂರು ತಿಂಗಳಲ್ಲಿ ಸನ್‌ಬೀಮ್ ಸುಮಾರು 4.5 ಕೋಟಿ ಡಾಲರ್ ನಷ್ಟ ತೋರಿಸಿತು.

ಆದರೂ ನನ್ನ ಮಟ್ಟಿಗೆ ಆ ವರದಿಯಲ್ಲಿ ಹೆಚ್ಚು ಬೆಚ್ಚಿಬೀಳಿಸುವ ಸಾಲು ಬಾಕಿಯದ್ದಲ್ಲ, ದಾಸ್ತಾನಿನದ್ದು. ದಿನಗಳ ಲೆಕ್ಕದಲ್ಲಿ ಅದು 66ರಿಂದ 112ಕ್ಕೆ ಜಿಗಿದಿತ್ತು. ಇಲ್ಲಿ ಒಂದು ಎಚ್ಚರಿಕೆ ಬೇಕು. 1996ರಲ್ಲಿ ಹೊಸ ಮುಖ್ಯಸ್ಥ ಹಳೆಯ ಮಾಲಿನ ಬೆಲೆ ಇಳಿಸಿ ದೊಡ್ಡ ನಷ್ಟ ಬರೆಸಿದ್ದರಿಂದ ಆ ವರ್ಷದ ತಯಾರಿಕಾ ವೆಚ್ಚ ಉಬ್ಬಿತ್ತು, ದಾಸ್ತಾನು ಕುಗ್ಗಿತ್ತು. ಹಾಗಾಗಿ 66 ಎಂಬುದು ಅಸಹಜವಾಗಿ ಚಿಕ್ಕ ಸಂಖ್ಯೆ. ವೆಚ್ಚದ ಬದಲು ಮಾರಾಟವನ್ನೇ ಆಧಾರವಾಗಿಟ್ಟುಕೊಂಡು ಮತ್ತೆ ಭಾಗಿಸಿದರೆ 60 ದಿನದಿಂದ 80 ದಿನ ಬರುತ್ತದೆ. ಏರಿಕೆ ಸಣ್ಣದಾಯಿತು, ದಿಕ್ಕು ಬದಲಾಗಲಿಲ್ಲ. ಒಂದು ಸಂಖ್ಯೆ ಅನುಮಾನ ಹುಟ್ಟಿಸಿದರೆ ಅದನ್ನು ಇನ್ನೊಂದು ದಾರಿಯಿಂದಲೂ ತೂಗಿ ನೋಡಬೇಕು. ಇನ್ನೂ ಒಂದು ಮಾತು ನೆನಪಿರಲಿ. ಬಿಲ್ ಹರಿದು ಹಿಡಿದಿಟ್ಟ ಗ್ರಿಲ್‌ಗಳು ಪುಸ್ತಕದ ಪ್ರಕಾರ ಮಾರಾಟವಾಗಿದ್ದವು, ಅವು ದಾಸ್ತಾನಿನಲ್ಲಿ ಇರಲಿಲ್ಲ. ಅವನ್ನು ಹೊರಗೆ ತೆಗೆದ ಮೇಲೂ ದಾಸ್ತಾನು ಅಷ್ಟು ಏರಿತ್ತು.

ತಯಾರಿಕಾ ಕಂಪನಿಯಲ್ಲಿ ದಾಸ್ತಾನಿಗೆ ಇರುವ ಗುಣ ವ್ಯಾಪಾರಿಯ ದಾಸ್ತಾನಿಗೆ ಇಲ್ಲ. ಅದು ಖರ್ಚನ್ನು ನುಂಗಬಲ್ಲದು. ಮತ್ತೆ ನಮ್ಮ ಪೀಣ್ಯದ ಘಟಕಕ್ಕೆ ಬರೋಣ. ಶೆಡ್ಡಿನ ಬಾಡಿಗೆ, ಮೇಲ್ವಿಚಾರಕರ ಸಂಬಳ, ಯಂತ್ರಗಳ ಸವಕಳಿ ಸೇರಿ ತಿಂಗಳಿಗೆ 10 ಲಕ್ಷ ಸ್ಥಿರ ಖರ್ಚು ಎನ್ನಿ. ತಿಂಗಳಿಗೆ ಸಾವಿರ ತುಂಡು ಮಾಡಿ ಸಾವಿರವನ್ನೂ ಮಾರಿದರೆ ತುಂಡಿಗೆ ಸಾವಿರ ರೂಪಾಯಿಯಂತೆ ಪೂರ್ತಿ 10 ಲಕ್ಷವೂ ಆ ತಿಂಗಳ ಖರ್ಚಾಗುತ್ತದೆ. ಈಗ ಮಾರುಕಟ್ಟೆಯಲ್ಲಿ ಬೇಡಿಕೆ ಅಷ್ಟೇ ಇದ್ದರೂ ಎರಡು ಸಾವಿರ ಮಾಡಿದರು ಎನ್ನೋಣ. ತುಂಡಿಗೆ ತಗುಲುವ ಸ್ಥಿರ ಖರ್ಚು 500ಕ್ಕೆ ಇಳಿಯಿತು. ಮಾರಿದ ಸಾವಿರದ ಮೇಲೆ 5 ಲಕ್ಷ ಬಿತ್ತು, ಉಳಿದ 5 ಲಕ್ಷ ಮಾರದ ಸಾವಿರ ತುಂಡುಗಳ ಬೆಲೆಯಾಗಿ ದಾಸ್ತಾನಿನೊಳಗೆ ಸೇರಿತು. ಮಾರಾಟ ಅಷ್ಟೇ, ಬೆಲೆ ಅಷ್ಟೇ, ಆದರೆ ಆ ತಿಂಗಳ ಲಾಭ 5 ಲಕ್ಷ ಹೆಚ್ಚಿತು. ಇದು ಕಳ್ಳಲೆಕ್ಕವಲ್ಲ. ಸ್ಥಿರ ತಯಾರಿಕಾ ಖರ್ಚನ್ನು ದಾಸ್ತಾನಿನ ಬೆಲೆಗೆ ಸೇರಿಸಬೇಕು ಎಂದೇ ಲೆಕ್ಕ ಮಾನದಂಡ ಹೇಳುತ್ತದೆ. ಕೆಲಸ ಕಡಿಮೆಯಾದ ತಿಂಗಳ ವ್ಯರ್ಥ ಖರ್ಚನ್ನು ಹೀಗೆ ತುಂಬಬಾರದು ಎಂಬ ತಡೆ ಅದರಲ್ಲಿದೆ, ಹೆಚ್ಚು ತಯಾರಿಸಿ ಗುಡ್ಡೆ ಹಾಕುವುದಕ್ಕೆ ತಡೆ ಇಲ್ಲ. ಆ 5 ಲಕ್ಷ ಇವತ್ತಲ್ಲ ನಾಳೆ ಹೊರಬರಲೇಬೇಕು. ಮಾಲು ಮಾರಿದಾಗ ಖರ್ಚಾಗಿ ಬರುತ್ತದೆ, ಮಾರದಿದ್ದರೆ ನಷ್ಟವಾಗಿ ಬರುತ್ತದೆ.

ಹಾಗಾಗಿ ಲಾಭದ ಪ್ರಮಾಣ ಹೆಚ್ಚಾಗಿದೆ ಎಂದು ಕಂಪನಿ ಹೇಳಿಕೊಂಡ ವರ್ಷದಲ್ಲೇ ದಾಸ್ತಾನು ದಿನವೂ ಏರಿದ್ದರೆ ನಾನು ಆ ಲಾಭವನ್ನು ಪೂರ್ತಿ ನಂಬುವುದಿಲ್ಲ. ಮೊದಲು ತೆರೆಯುವುದು ದಾಸ್ತಾನಿನ ಟಿಪ್ಪಣಿ. ಭಾರತದ ಕಂಪನಿಗಳ ವಾರ್ಷಿಕ ವರದಿಯಲ್ಲಿ ಕಚ್ಚಾ ಮಾಲು, ಅರೆಸಿದ್ಧ ಮಾಲು, ಸಿದ್ಧ ಮಾಲು ಎಂದು ಅದು ಬೇರೆ ಬೇರೆಯಾಗಿ ಇರುತ್ತದೆ, ಮತ್ತು ಮೂರರ ಏರಿಕೆಯ ಅರ್ಥವೂ ಬೇರೆ. ಕಚ್ಚಾ ಮಾಲು ಏರಿದ್ದರೆ ಉಕ್ಕಿನ ಬೆಲೆ ಹೆಚ್ಚಬಹುದೆಂದು ಮೊದಲೇ ಕೊಂಡಿಟ್ಟಿರಬಹುದು, ಆಮದು ತಡವಾಗುತ್ತಿರಬಹುದು, ದೊಡ್ಡ ಆರ್ಡರ್ ಬಂದಿರಬಹುದು. ಇದು ಬಹುಮಟ್ಟಿಗೆ ಕ್ಷಮಿಸಬಹುದಾದ ಏರಿಕೆ. ಅರೆಸಿದ್ಧ ಮಾಲು ಏರಿದ್ದರೆ ಶೆಡ್ಡಿನೊಳಗೆ ಏನೋ ಸಿಕ್ಕಿಹಾಕಿಕೊಂಡಿದೆ: ಒಂದು ಬಿಡಿಭಾಗ ಬಂದಿಲ್ಲ, ಒಂದು ಯಂತ್ರ ಕೆಟ್ಟಿದೆ, ತಪಾಸಣೆಯಲ್ಲಿ ಮಾಲು ಹಿಂದಕ್ಕೆ ಬರುತ್ತಿದೆ. ಸಿದ್ಧ ಮಾಲು ಮಾತ್ರ ಏರಿ ಕಚ್ಚಾ ಮಾಲು ಇಳಿದಿದ್ದರೆ ಅದು ಕೆಟ್ಟ ಸುದ್ದಿ. ಗೋದಾಮು ತುಂಬಿದೆ, ಅದನ್ನು ಬಲ್ಲ ಖರೀದಿ ವಿಭಾಗದವರು ಹೊಸ ಮಾಲು ತರಿಸುವುದನ್ನು ಆಗಲೇ ನಿಲ್ಲಿಸಿದ್ದಾರೆ. ಮಾರಾಟದ ಅಂಕಿ ಬಿದ್ದು ಸುದ್ದಿಯಾಗುವುದು ಇನ್ನು ಒಂದೆರಡು ತ್ರೈಮಾಸಿಕ ಕಳೆದ ಮೇಲೆ.

ಈ ಲೆಕ್ಕಕ್ಕೆ ಮಿತಿಗಳೂ ಇವೆ. ವರ್ಷದ ಕೊನೆಯ ಒಂದು ದಿನದ ಬಾಕಿಯನ್ನು ಇಡೀ ವರ್ಷದ ಮಾರಾಟದೊಂದಿಗೆ ಹೋಲಿಸುತ್ತೇವೆ. ಟ್ರ್ಯಾಕ್ಟರ್, ಕೀಟನಾಶಕ, ಏರ್ ಕೂಲರ್ ತರಹದ ಹಂಗಾಮಿನ ಸರಕಿಗೆ ಇದು ತಪ್ಪು ಚಿತ್ರ ಕೊಡಬಹುದು. ಅಂಥಲ್ಲಿ ಕೊನೆಯ ಮೂರು ತಿಂಗಳ ಮಾರಾಟವನ್ನು ಮಾತ್ರ ತೆಗೆದುಕೊಂಡು 90 ದಿನದ ಲೆಕ್ಕ ಹಾಕುವುದು, ಮಾರ್ಚ್ ಅಂಕಿಯನ್ನು ಹಿಂದಿನ ಮಾರ್ಚ್‌ನೊಂದಿಗೆ, ಸೆಪ್ಟೆಂಬರ್ ಅಂಕಿಯನ್ನು ಹಿಂದಿನ ಸೆಪ್ಟೆಂಬರ್‌ನೊಂದಿಗೆ ಮಾತ್ರ ಹೋಲಿಸುವುದು ಸರಿ. ನಮ್ಮಲ್ಲಿ ಷೇರುಪೇಟೆಯ ಕಂಪನಿಗಳು ಅರ್ಧ ವರ್ಷಕ್ಕೊಮ್ಮೆ ಬ್ಯಾಲೆನ್ಸ್ ಶೀಟ್ ಕೊಡುವುದರಿಂದ ಇದು ಯಾರಿಗಾದರೂ ಸಾಧ್ಯ. ಇನ್ನೊಂದು ಸಣ್ಣ ವಿಷಯವನ್ನು ಅನೇಕರು ಮರೆಯುತ್ತಾರೆ. ಮಾರಾಟದ ಅಂಕಿಯಲ್ಲಿ ಜಿಎಸ್‌ಟಿ ಇರುವುದಿಲ್ಲ, ಬಾಕಿಯಲ್ಲಿ ಇರುತ್ತದೆ. 100 ರೂಪಾಯಿ ಮಾರಿದರೆ, 18ರ ದರವಿದ್ದಾಗ, ಗ್ರಾಹಕ ಕೊಡಬೇಕಾದ್ದು 118. ಹಾಗಾಗಿ ದೇಶದೊಳಗೇ ಮಾರುವ ಕಂಪನಿಯ ಬಾಕಿ ದಿನ ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ, ರಫ್ತು ಮಾಡುವ ಕಂಪನಿಯ ಪಕ್ಕ ಅದನ್ನು ಇಡುವಾಗ ಇದು ನೆನಪಿರಬೇಕು.

ಎಷ್ಟು ದಿನ ಒಳ್ಳೆಯದು, ಎಷ್ಟು ಕೆಟ್ಟದ್ದು ಎಂದು ಕೇಳುವವರಿಗೆ ಒಂದೇ ಉತ್ತರ ಇಲ್ಲ. ವಿದ್ಯುತ್ ಸ್ಥಾವರದ ಯಂತ್ರ ಮಾಡುವವರಿಗೆ ಗ್ರಾಹಕ ಸರ್ಕಾರಿ ಸಂಸ್ಥೆ, ಯಂತ್ರ ಓಡಿ ತೋರಿಸುವವರೆಗೆ ಒಂದಷ್ಟು ಹಣ ತಡೆಹಿಡಿಯುತ್ತಾರೆ, ಬಾಕಿ ಸಹಜವಾಗಿಯೇ ಉದ್ದ. ಸೋಪು, ಬಿಸ್ಕತ್ತು ಮಾಡುವವರಿಗೆ ವಿತರಕ ಬೇಗ ಹಣ ಕೊಡುತ್ತಾನೆ. ಒಂದು ಕಂಪನಿಯನ್ನು ಅದರದೇ ಐದಾರು ವರ್ಷದ ಅಂಕಿಗಳೊಂದಿಗೆ, ಆಮೇಲೆ ಅದೇ ಸರಕು ಮಾಡುವ ಇನ್ನಿಬ್ಬರೊಂದಿಗೆ ಹೋಲಿಸಿದರೆ ಸಾಕು. ಇಡೀ ಉದ್ಯಮದ ಬಾಕಿ ಏರಿದ್ದರೆ ಅದು ಮಾರುಕಟ್ಟೆಯ ಕಷ್ಟ. ಒಬ್ಬರದು ಮಾತ್ರ ಏರಿದ್ದರೆ ಅವರು ಉದ್ರಿ ಕೊಟ್ಟು ಮಾರಾಟ ಕೊಳ್ಳುತ್ತಿದ್ದಾರೆ.

ಈ ವಿಷಯದಲ್ಲಿ ಭಾರತದ ಓದುಗರಿಗೆ ಈಗ ಸನ್‌ಬೀಮ್ ಕಾಲದವರಿಗಿಂತ ಹೆಚ್ಚು ಬೆಳಕಿದೆ. 2021ರ ಮಾರ್ಚ್‌ನಲ್ಲಿ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ ಆದ ತಿದ್ದುಪಡಿಯ ಪ್ರಕಾರ, ಬಾಕಿಯನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷದ್ದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ದಾಟಿದ್ದು. ತಕರಾರಿನಲ್ಲಿರುವುದು ಬೇರೆ, ಇಲ್ಲದ್ದು ಬೇರೆ. ಬಾಕಿ ದಿನ ಎಂಬ ಸರಾಸರಿ ಮುಚ್ಚಿಡುವುದನ್ನು ಈ ಪಟ್ಟಿ ಬಿಚ್ಚಿಡುತ್ತದೆ. ಹೊಸ ಗ್ರಾಹಕರು ಬೇಗ ಕೊಡುತ್ತಿದ್ದು ಹಳೆಯ ಒಬ್ಬ ಗ್ರಾಹಕನ ದೊಡ್ಡ ಮೊತ್ತ ಮೂರು ವರ್ಷದಿಂದ ಬಿದ್ದಿದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಪಟ್ಟಿಯಲ್ಲಿ ಮಾತ್ರ ಆ ಮೊತ್ತ ಪ್ರತಿ ವರ್ಷ ಒಂದೊಂದು ಮನೆ ಬಲಕ್ಕೆ ಸರಿಯುತ್ತಾ ಹೋಗುತ್ತದೆ. ಅಷ್ಟು ಹಳೆಯದಾದರೂ ಅದಕ್ಕೆ ನಷ್ಟದ ಅವಕಾಶ ತೆಗೆದಿಡದಿದ್ದರೆ, ತೋರಿಸಿರುವ ಲಾಭದಲ್ಲಿ ಅಷ್ಟು ಕಡಿಮೆ ಮಾಡಿಕೊಂಡು ಓದುವುದು ಒಳ್ಳೆಯದು. ಅದೇ ತಿದ್ದುಪಡಿ ದಾಸ್ತಾನು ಮತ್ತು ಬಾಕಿ ಎಷ್ಟು ಬಾರಿ ತಿರುಗಿದವು ಎಂಬ ಅನುಪಾತಗಳನ್ನೂ ಕೊಡಲು ಹೇಳುತ್ತದೆ, ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕೂ ಹೆಚ್ಚು ಬದಲಾಗಿದ್ದರೆ ಕಾರಣ ಬರೆಯಬೇಕು. ಆ ಕಾರಣ ಬರೆದ ಒಂದು ವಾಕ್ಯವನ್ನು ನಾನು ಮುಖ್ಯಸ್ಥರ ನಾಲ್ಕು ಪುಟದ ಪತ್ರಕ್ಕಿಂತ ಎಚ್ಚರದಿಂದ ಓದುತ್ತೇನೆ. ಮಾರಾಟ ಹೆಚ್ಚಾದ ಕಾರಣ ಬಾಕಿ ಹೆಚ್ಚಾಗಿದೆ ಎಂದು ಬರೆದಿದ್ದರೆ ಅದು ಉತ್ತರವೇ ಅಲ್ಲ. ಅನುಪಾತದಲ್ಲಿ ಮಾರಾಟ ಆಗಲೇ ಭಾಗವಾಗಿ ಹೋಗಿದೆ.

ಬಾಕಿ ಮತ್ತು ದಾಸ್ತಾನು ಎರಡೂ ಕೆಟ್ಟರೂ ಒಟ್ಟು ಚಕ್ರ ಉದ್ದವಾಗದೆ ಉಳಿಯಲು ಒಂದು ದಾರಿ ಇದೆ. ಸರಬರಾಜುದಾರರಿಗೆ ಹಣ ಕೊಡುವುದನ್ನು ಮುಂದೂಡುವುದು. ಸನ್‌ಬೀಮ್‌ನಲ್ಲಿ ಹೀಗಾಗಿರಲಿಲ್ಲ. ಅಲ್ಲಿ ಕೊಡಬೇಕಾದ ಬಾಕಿ ಎರಡೂ ವರ್ಷ ಹತ್ತೂವರೆ ಕೋಟಿ ಡಾಲರಿನ ಆಸುಪಾಸಿನಲ್ಲೇ ಇತ್ತು, ಹಾಗಾಗಿ ಚಕ್ರ ಸುಮಾರು 100 ದಿನದಿಂದ 160ರ ಹತ್ತಿರಕ್ಕೆ ಉಬ್ಬಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಆದರೆ ನಮ್ಮಲ್ಲಿ ದೊಡ್ಡ ಕಂಪನಿಗಳಿಗೆ ಪೀಣ್ಯದ ಘಟಕದಂಥ ನೂರಾರು ಸಣ್ಣವರು ಮಾಲು ಕೊಡುತ್ತಾರೆ, ಅವರನ್ನು ಕಾಯಿಸುವುದು ಸುಲಭ. ಕಾಯಿಸಿ ಉಳಿಸಿದ ಹಣವನ್ನು ದಕ್ಷತೆ ಎಂದು ವರದಿಯಲ್ಲಿ ಹೊಗಳಿಕೊಳ್ಳುವುದೂ ಸುಲಭ. 2006ರ ಕಾಯ್ದೆ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆನ್ನುತ್ತದೆ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆಯಲ್ಲೂ, 2024-25ರ ತೆರಿಗೆ ನಿರ್ಧಾರ ವರ್ಷದಿಂದ, ಗಡುವು ಮೀರಿ ಉಳಿಸಿಕೊಂಡ ಇಂಥ ಬಾಕಿ ನಿಜವಾಗಿ ಪಾವತಿಯಾಗುವವರೆಗೆ ಖರ್ಚೆಂದು ಸಿಗುವುದಿಲ್ಲ. ವಾರ್ಷಿಕ ವರದಿಯಲ್ಲಿ ಸರಬರಾಜುದಾರರ ಬಾಕಿಯನ್ನು ಸಣ್ಣ ಉದ್ದಿಮೆಗಳದ್ದು, ಉಳಿದವರದ್ದು ಎಂದು ಎರಡಾಗಿ ತೋರಿಸುತ್ತಾರೆ. ಸಣ್ಣವರ ಬಾಕಿಗೆ ಕೊಡಬೇಕಾಗಿ ಬಂದು ಇನ್ನೂ ಕೊಡದ ಬಡ್ಡಿ ಎಷ್ಟು ಎಂದು ಅದರ ಕೆಳಗಿನ ಟಿಪ್ಪಣಿಯಲ್ಲಿ ಇರುತ್ತದೆ. ಚಕ್ರ ಕಿರಿದಾಗಿದೆ ಎಂದು ಹೇಳಿಕೊಂಡ ಕಂಪನಿಯ ಆ ಬಡ್ಡಿಯ ಸಾಲು ಮೂರು ವರ್ಷದಿಂದ ಏರುತ್ತಲೇ ಇದ್ದರೆ, ಅಲ್ಲಿ ಬಾಕಿ ವಸೂಲಾಗಿಲ್ಲ, ಗೋದಾಮು ಖಾಲಿಯಾಗಿಲ್ಲ. ಆ ಭಾರ ಎರಕದ ತುಂಡು ಕೊಟ್ಟವನ ಹೆಗಲಿಗೆ ಹೋಗಿದೆ.